‘ವಿಷಾದಿಸುತ್ತೇವೆ’ ಅಂದ್ರೆ ಯಾರು, ಯಾಕೆ, ಎಷ್ಟಕ್ಕೆ?

ಭಾಗ 1: ಮೈಕಿನ ದನಿ

ಅರಸೀಕೆರೆ ಜಂಕ್ಷನ್‌ನಲ್ಲಿ ಟ್ರೇನ್‌ಗೆ ಕಾದವರಿಗೆಲ್ಲ ಈ ದನಿ ಗೊತ್ತು. ಟ್ರೇನ್ ಇಷ್ಟು ತಡ ಅಂತ ಹೇಳಿ, ಕೊನೆಗೆ ‘ನಿಮಗಾದ ಅಡಚಣೆಗಾಗಿ ವಿಷಾದಿಸುತ್ತೇವೆ’ ಅನ್ನುತ್ತೆ. ಯಾಕೆ ತಡ ಆಯ್ತು ಅಂತ ಹೇಳಲ್ಲ. ನಾವೂ ಕೇಳಲ್ಲ. ಬ್ಯಾಗು ಸರಿಸಿಕೊಂಡು ಇನ್ನೊಂದು ಟೀ ಕುಡಿತೀವಿ.

ಸ್ಟೇಷನ್‌ನಲ್ಲಿ ಅದು ಸಾಕು ಅಂದ್ಕೊಳ್ಳೋಣ, ಯಾಕಂದ್ರೆ ಟ್ರೇನ್ ಕೊನೆಗೆ ಬರುತ್ತೆ. ಆದ್ರೆ ದುಡ್ಡು ತಗೊಂಡು ಸೇವೆ ಕೊಡ್ತೀವಿ ಅಂದ ಕಂಪನಿಯೊಂದು ದಿನಗಟ್ಟಲೆ ಸೇವೆ ನಿಲ್ಲಿಸಿ, ಆಮೇಲೆ ಲೆಟರ್‌ಹೆಡ್ ಮೇಲೆ ಇದೇ ಸಾಲು ಬರೆದು ಕಳಿಸಿದ್ರೆ? ಈ ಸರಣಿ ಆ ಪತ್ರದ ಬಗ್ಗೆ. ಅಂಥ ಪತ್ರ ಒಂದು ನಮ್ಮ ಮನೆಗೇ ಬಂತು. ಅದನ್ನ ಹಿಡ್ಕೊಂಡು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೀನಿ.

ಫೋಟೋದಲ್ಲಿ ಕಾಣ್ತಿರೋ ಅರ್ಧ ಎಳೆದ ಶಟರ್ ನಮ್ಮ ಚಿಕ್ಕಪ್ಪನ ಅಂಗಡಿದು, ಹಳೇಬೀಡಲ್ಲಿ. ಜೆರಾಕ್ಸ್, ಪಹಣಿ ಪ್ರಿಂಟು, ಜಾತಿ ಆದಾಯ ಸರ್ಟಿಫಿಕೇಟಿನ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಬಸ್ ಟಿಕೆಟ್ಟು, ಎಲ್ಲಾ ಅಲ್ಲೇ. ಜೆರಾಕ್ಸ್ ಬಿಟ್ಟು ಉಳಿದ ಎಲ್ಲಕ್ಕೂ ನೆಟ್ ಬೇಕು. ಕಳೆದ ತಿಂಗಳು ಒಂದು ಸೋಮವಾರ ಬೆಳಗ್ಗೆ ಹನ್ನೊಂದೂವರೆಗೆ ನೆಟ್ ಹೋಯ್ತು. ವಾಪಸ್ ಬಂದಿದ್ದು ಶನಿವಾರ ಸಂಜೆ ಆರಕ್ಕೆ. ಲೆಕ್ಕ ಹಾಕಿದ್ರೆ 126 ಗಂಟೆಗೂ ಜಾಸ್ತಿ.

ಆ ವಾರವೇ ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ ಇತ್ತು. ಪಿಯುಸಿ ಓದೋ ಹುಡುಗಿಯೊಬ್ಬಳು ಮೂರು ದಿನ ಅಂಗಡಿಗೆ ಬಂದು ಬಂದು ಹೋದಳು. ನಾಲ್ಕನೇ ದಿನ ಅವಳ ಅಪ್ಪ ಕೂಲಿ ಬಿಟ್ಟು, ಅವಳನ್ನ ಕರ್ಕೊಂಡು 16 ಕಿಲೋಮೀಟರ್ ದೂರದ ಬೇಲೂರಿಗೆ ಬಸ್ ಹತ್ತಿದ್ರು. ಅರ್ಜಿ ಹಾಕಿ ಬಂದ್ರು. ಆದ್ರೆ ಆ ದಿನದ ಕೂಲಿ, ಬಸ್ ಚಾರ್ಜು, ಕ್ಯೂನಲ್ಲಿ ನಿಂತಿದ್ದು ಯಾವ ಲೆಕ್ಕದಲ್ಲೂ ಇಲ್ಲ.

ಭಾಗ 2: ಬಂದ ಪತ್ರ

ಸೋಮವಾರ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಕಂಪನಿ ಹೆಸರು ಬೇಡ, ಯಾಕಂದ್ರೆ ಹೆಸರು ತೆಗೆದು ಬೇರೆ ಹೆಸರು ಹಾಕಿದ್ರೂ ಪತ್ರ ಹಾಗೇ ಸರಿಹೋಗುತ್ತೆ. ಅದೇ ಅದರ ದೋಷ. ಸಾರ ಇಷ್ಟು:

‘ಗೌರವಾನ್ವಿತ ಗ್ರಾಹಕರೇ, ತಾಂತ್ರಿಕ ಕಾರಣಗಳಿಂದ ಹಾಗೂ ರಸ್ತೆ ಕಾಮಗಾರಿಯ ವೇಳೆ ಕೇಬಲ್ ತುಂಡಾದ ಕಾರಣ ನಿಮ್ಮ ಪ್ರದೇಶದ ಕೆಲವು ಗ್ರಾಹಕರಿಗೆ ಸೇವೆಯಲ್ಲಿ ವ್ಯತ್ಯಯ ಉಂಟಾಗಿತ್ತು. ನಮ್ಮ ತಂಡ ಹಗಲಿರುಳು ಶ್ರಮಿಸಿ ಸೇವೆಯನ್ನು ಪುನಃಸ್ಥಾಪಿಸಿದೆ. ಉಂಟಾಗಿರಬಹುದಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಿಮ್ಮ ಸಹನೆಗೆ ಧನ್ಯವಾದಗಳು. ಮುಂದಿನ ಪ್ಲಾನ್ ಅಪ್‌ಗ್ರೇಡ್ ಮೇಲೆ ಶೇ. 10 ರಿಯಾಯಿತಿ ಪಡೆಯಿರಿ.’

ಚಿಕ್ಕಪ್ಪ ಓದಿ ಫೋನು ಮೇಜಿನ ಮೇಲಿಟ್ರು. ‘ಬುಡವ್ವ, ಪಾಪ ಜೆಸಿಬಿಯೋನು ಕಿತ್ತಾಕವ್ನೆ, ಇವ್ರೇನ್ ಮಾಡ್ತಾರೆ’ ಅಂದ್ರು.

ನನಗೂ ಮೊದಲು ಹಾಗೇ ಅನ್ನಿಸ್ತು. ಆಮೇಲೆ ಇನ್ನೊಂದು ಸಲ ಓದಿದೆ. ಕೇಬಲ್ ತುಂಡಾಯ್ತು, ಸರಿ. ಸೋಮವಾರ ತುಂಡಾಯ್ತು. ಹಾಗಾದ್ರೆ ಮಂಗಳವಾರ ಏನಾಯ್ತು? ಬುಧವಾರ? ಗುರುವಾರ? ಪತ್ರದಲ್ಲಿ ಆ ದಿನಗಳೇ ಇಲ್ಲ.

ನಾನು ಹೇಳಬೇಕು ಅಂತಿರೋದು ಇದೊಂದೇ ಮಾತು. ತುಂಬಾ ಹೊತ್ತು ಸೇವೆ ನಿಂತಿದೆ ಅಂದ್ರೆ ಅದಕ್ಕೆ ಎರಡು ಕಾರಣ ಇರುತ್ತೆ. ಒಂದು, ಯಾಕೆ ಬಿತ್ತು. ಇನ್ನೊಂದು, ಬಿದ್ದದ್ದು ಯಾಕೆ ಬೇಗ ಏಳಲಿಲ್ಲ. ಕ್ಷಮಾಪಣೆ ಪತ್ರಗಳು ಮೊದಲನೇದನ್ನ ಹೇಳಿ ಎರಡನೇದನ್ನ ನುಂಗಿಬಿಡ್ತವೆ. ಯಾಕಂದ್ರೆ ಮೊದಲನೇದು ಹೆಚ್ಚಾಗಿ ಜೆಸಿಬಿದು, ಮಳೆದು, ಕರೆಂಟಿಂದು. ಎರಡನೇದು ಮಾತ್ರ ಯಾವಾಗಲೂ ಕಂಪನಿದೇ.

ಭಾಗ 3: ಕೇಬಲ್ ಸೇರಿಸೋಕೆ ಎಷ್ಟು ಹೊತ್ತು ಬೇಕು?

ಇದನ್ನ ತಿಳ್ಕೊಳ್ಳದೆ ಪತ್ರ ಸರಿ ಇದೆಯೋ ಇಲ್ವೋ ಹೇಳೋಕಾಗಲ್ಲ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ಫೈಬರ್ ಕೇಬಲ್ ಒಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳಿರ್ತವೆ. ಬೆಳಕು ಅದರೊಳಗೆ ಹೋಗುತ್ತೆ. ಎಲ್ಲೋ ಮಣ್ಣಿನಡಿ ಕೇಬಲ್ ಕಡಿದ್ರೆ ಊರೆಲ್ಲ ಅಗೆದು ಹುಡುಕಬೇಕಿಲ್ಲ. ಓಟಿಡಿಆರ್ ಅಂತ ಒಂದು ಪೆಟ್ಟಿಗೆ ಇದೆ. ಅದನ್ನ ಕೇಬಲ್‌ನ ಒಂದು ತುದಿಗೆ ಹಾಕಿ ಬೆಳಕಿನ ಒಂದು ಮಿಡಿತ ಬಿಡ್ತಾರೆ. ಕಡಿದ ಜಾಗಕ್ಕೆ ತಾಗಿ ಸ್ವಲ್ಪ ಬೆಳಕು ವಾಪಸ್ ಬರುತ್ತೆ. ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನೋದರ ಮೇಲೆ ಇಷ್ಟು ದೂರದಲ್ಲಿ ಕಡಿದಿದೆ ಅಂತ ಪರದೆ ಮೇಲೆ ತೋರಿಸುತ್ತೆ. ಬಾವಿಯಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಆಳ ಅಂದಾಜು ಮಾಡಿದ ಹಾಗೆ.

ಜಾಗ ಸಿಕ್ಕಮೇಲೆ ಎರಡೂ ತುದಿಯ ಎಳೆಗಳ ಸಿಪ್ಪೆ ಬಿಡಿಸಿ, ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಎದುರುಬದುರು ಇಡ್ತಾರೆ. ಸಣ್ಣ ಕಿಡಿ ಹೊತ್ತಿ ಗಾಜು ಗಾಜಿಗೆ ಬೆಸೆಯುತ್ತೆ. ಒಂದು ಎಳೆಗೆ ಕೆಲವೇ ನಿಮಿಷ. ಒಂದು ಕೇಬಲ್‌ನಲ್ಲಿ 24 ಎಳೆ ಇದ್ರೂ ಗುಂಡಿ ತೆಗೆಯೋದು, ಜಾಯಿಂಟ್ ಬಾಕ್ಸ್ ಮುಚ್ಚೋದು ಎಲ್ಲಾ ಸೇರಿ ಅರ್ಧ ದಿನದ ಕೆಲಸ. ಮಳೆ ಬಂದು ಗುಂಡಿ ತುಂಬಿದ್ರೆ ಒಂದು ದಿನ ಅನ್ನಿ.

ಅಂದ್ರೆ ಜೆಸಿಬಿ ಸೋಮವಾರಕ್ಕೆ ಮಾತ್ರ ಉತ್ತರ. ಉಳಿದ ಐದು ದಿನಕ್ಕೆ ಬೇರೆ ಯಾರೋ ಉತ್ತರ ಕೊಡಬೇಕು.

ಆ ಉತ್ತರ ನಮಗೆ ಸಿಕ್ಕಿದ್ದು ಪತ್ರದಿಂದ ಅಲ್ಲ, ಟೀ ಅಂಗಡಿಯಿಂದ. ಲೈನ್ ನೋಡ್ಕೊಳ್ಳೋ ಹುಡುಗ ಚಿಕ್ಕಪ್ಪನಿಗೆ ಪರಿಚಯ. ಅವನೇ ಹೇಳಿದ: ‘ಅಣ್ಣಾ, ಎಲ್ಲಿ ಕಟ್ಟಾಗದೆ ಅಂತ ಅವತ್ತು ರಾತ್ರಿನೇ ಗೊತ್ತಾಯ್ತು. ಮಷಿನ್ ಒಂದೇ ಇರೋದು, ಅದು ಬೇರೆ ತಾಲೂಕಿಗೆ ಹೋಗಿತ್ತು. ಬೆಸೆಯೋ ಹುಡುಗ್ರಿಗೆ ಹಳೇ ಬಾಕಿ ಬಂದಿರ್ಲಿಲ್ಲ, ಅವ್ರು ಬರಲ್ಲ ಅಂದ್ರು. ಶುಕ್ರವಾರ ದುಡ್ಡು ಹಾಕಿದ್ರು, ಶನಿವಾರ ಬಂದ್ರು.’

ಇನ್ನೊಂದು ವಿಷಯವನ್ನೂ ಅವನೇ ಹೇಳಿದ. ಹಳೇಬೀಡಿನ ನಮ್ಮ ಭಾಗಕ್ಕೆ ಆ ಕಂಪನಿದು ಒಂದೇ ದಾರಿಯಲ್ಲಿ ಕೇಬಲ್ ಬಂದಿದೆ. ಎರಡನೇ ದಾರಿ ಇದ್ದಿದ್ರೆ ಒಂದು ಕಡಿದ್ರೂ ಇನ್ನೊಂದರಲ್ಲಿ ನೆಟ್ ಬರ್ತಿತ್ತು.

ಈಗ ಪತ್ರದ ‘ಹಗಲಿರುಳು ಶ್ರಮಿಸಿ’ ಅನ್ನೋ ಸಾಲನ್ನ ಮತ್ತೆ ಓದಿ. ಕೆಲಸ ಮಾಡಿದ ಹುಡುಗರು ಶನಿವಾರ ಒಂದು ಹಗಲು ಶ್ರಮಿಸಿದ್ದಾರೆ, ಅವರಿಗೆ ಕೈ ಮುಗೀತೀನಿ. ಉಳಿದ ಹಗಲು, ಇರುಳು ಯಾವುದರಲ್ಲೂ ಯಾರೂ ಶ್ರಮಿಸಲಿಲ್ಲ.

ಭಾಗ 4: ಕೆನಡಾದ 26 ಗಂಟೆ

ಇದು ಹಳೇಬೀಡಿನ ಸಣ್ಣ ಕಂಪನಿಯ ಕಥೆ ಮಾತ್ರ ಅಂದ್ಕೋಬೇಡಿ. ಸಮುದ್ರದಾಚೆ ದೊಡ್ಡದಾಗಿ ಇದೇ ನಡೆದಿದೆ. ಟೊರಾಂಟೊ ಸುತ್ತ ನಮ್ಮ ಕನ್ನಡದವರು ಬೇಕಾದಷ್ಟು ಇದ್ದಾರೆ. 2022ರ ಜುಲೈ 8ನೇ ತಾರೀಕು ಯಾರಾದ್ರೂ ಊರಿಂದ ಅಲ್ಲಿಗೆ ಫೋನ್ ಮಾಡಿದ್ರೆ ಸಿಕ್ಕಿರಲಿಕ್ಕಿಲ್ಲ.

ಅವತ್ತು ಬೆಳಗಿನ ಜಾವ ರೋಜರ್ಸ್ ಅನ್ನೋ ಕಂಪನಿಯ ಮೊಬೈಲು, ಮನೆ ಫೋನು, ಇಂಟರ್‌ನೆಟ್ಟು ಮೂರೂ ಒಟ್ಟಿಗೆ ಬಿದ್ದವು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ನಡೀಲಿಲ್ಲ. ನಮ್ಮ 112 ಇದ್ದ ಹಾಗೆ ಅಲ್ಲಿ 911. ಅದಕ್ಕೂ ಎಷ್ಟೋ ಜನರ ಕರೆ ಹೋಗಲಿಲ್ಲ. ಸುಮಾರು 26 ಗಂಟೆ ಹೀಗೇ ಇತ್ತು.

ಮಾರನೇ ದಿನ, ಜುಲೈ 9ಕ್ಕೆ, ಕಂಪನಿಯ ಮುಖ್ಯಸ್ಥ ಟೋನಿ ಸ್ಟಾಫಿಯೆರಿ ಗ್ರಾಹಕರಿಗೆ ಪತ್ರ ಬರೆದರು. ನಮಗೆ ಬಂದ ಪಿಡಿಎಫ್‌ಗಿಂತ ಎಷ್ಟೋ ಮೇಲು. ಹೆಸರು ಹಾಕಿ, ಕ್ಷಮಿಸಿ ಅಂತ ನೇರವಾಗಿ ಕೇಳಿದ್ರು. ಕಾರಣಾನೂ ಹೇಳಿದ್ರು: ನಮ್ಮ ಮುಖ್ಯ ಜಾಲದಲ್ಲಿ ಒಂದು ನಿರ್ವಹಣಾ ಅಪ್‌ಡೇಟ್ ಮಾಡಿದ ನಂತರ ಕೆಲವು ರೌಟರ್‌ಗಳು ಕೆಟ್ಟವು. ಗ್ರಾಹಕರ ಖಾತೆಗೆ ದುಡ್ಡು ನಾವೇ ಜಮಾ ಮಾಡ್ತೀವಿ, ನೀವೇನೂ ಕೇಳಬೇಕಾಗಿಲ್ಲ ಅಂತಲೂ ಬರೆದ್ರು.

ಇಲ್ಲಿ ಮೊದಲನೇ ಕಾರಣ ಇದೆ. ಜೆಸಿಬಿ ಮೇಲೆ ಹಾಕದೆ ‘ನಾವೇ ಮಾಡಿದ ಅಪ್‌ಡೇಟ್’ ಅಂತ ಒಪ್ಪಿಕೊಂಡಿದ್ದಾರೆ. ಆದ್ರೆ ಎರಡನೇ ಕಾರಣ, ಅಂದ್ರೆ ಒಂದು ಅಪ್‌ಡೇಟ್ ವಾಪಸ್ ತೆಗೆಯೋಕೆ 26 ಗಂಟೆ ಯಾಕೆ ಬೇಕಾಯ್ತು ಅನ್ನೋದು, ಆ ಪತ್ರದಲ್ಲಿಲ್ಲ.

ಅದು ಗೊತ್ತಾಗಿದ್ದು ಅಲ್ಲಿನ ಟೆಲಿಕಾಂ ನಿಯಂತ್ರಕರಾದ ಸಿಆರ್‌ಟಿಸಿ ಪ್ರಶ್ನೆ ಕೇಳಿದ ಮೇಲೆ, ಆಮೇಲೆ 2024ರಲ್ಲಿ ಹೊರಬಂದ ಸ್ವತಂತ್ರ ವರದಿಯಿಂದ. ಸರಳವಾಗಿ ಹೇಳ್ತೀನಿ. ಜಾಲದೊಳಗೆ ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕು ಅನ್ನೋ ವಿಳಾಸಪಟ್ಟಿಗಳು ಓಡಾಡ್ತಿರ್ತವೆ. ಅದು ಅತಿಯಾಗಿ ನುಗ್ಗದ ಹಾಗೆ ಒಂದು ಜರಡಿ ಇರುತ್ತೆ. ಏಳು ಹಂತದ ಅಪ್‌ಗ್ರೇಡ್‌ನ ಆರನೇ ಹಂತದಲ್ಲಿ ಆ ಜರಡಿಯನ್ನ ತೆಗೆದುಬಿಟ್ರು. ವಿಳಾಸಗಳು ಪ್ರವಾಹದ ಹಾಗೆ ಮುಖ್ಯ ರೌಟರ್‌ಗಳಿಗೆ ನುಗ್ಗಿ, ಅವು ತಾಳಲಾರದೆ ಕುಸಿದವು. ಇದು ‘ಯಾಕೆ ಬಿತ್ತು’.

‘ಯಾಕೆ ಏಳಲಿಲ್ಲ’ ಬೇರೆ. ಎಂಜಿನಿಯರ್‌ಗಳು ದೂರದಿಂದ ರೌಟರ್‌ಗಳನ್ನ ಮುಟ್ಟೋಕೆ ಬಳಸ್ತಿದ್ದ ದಾರಿಯೂ ಅದೇ ಬಿದ್ದುಹೋದ ಜಾಲದ ಮೇಲೇ ನಿಂತಿತ್ತು. ಸಿಬ್ಬಂದಿಯ ಫೋನುಗಳೂ ಅದೇ ಕಂಪನಿಯವು, ಹಾಗಾಗಿ ಒಬ್ಬರಿಗೊಬ್ಬರು ಮಾತಾಡೋಕೇ ಆಗಲಿಲ್ಲ. ತಪ್ಪು ಎಲ್ಲಿದೆ ಅಂತ ಹಿಡಿಯೋಕೇ ಸುಮಾರು 14 ಗಂಟೆ ಹೋಯ್ತು. ಮನೆ ಬೀಗದ ಕೈ ಮನೆ ಒಳಗೇ ಇಟ್ಟು ಬಾಗಿಲು ಎಳ್ಕೊಂಡು ಬಂದ ಹಾಗೆ.

ಗಮನಿಸಿ. ಜರಡಿ ತೆಗೆದದ್ದು ಯಾರೋ ಒಬ್ಬರ ಕೈತಪ್ಪು ಇರಬಹುದು. ಬೀಗದ ಕೈ ಒಳಗಿಟ್ಟದ್ದು ಕೈತಪ್ಪಲ್ಲ, ಅದು ವರ್ಷಗಳಿಂದ ಮಾಡಿಕೊಂಡು ಬಂದ ಏರ್ಪಾಡು. ಗ್ರಾಹಕನಿಗೆ ನಾಳೆ ಮತ್ತೆ ಹೀಗಾಗುತ್ತಾ ಅಂತ ತಿಳಿಬೇಕಂದ್ರೆ ಬೇಕಾಗಿರೋದು ಈ ಎರಡನೇ ಸಂಗತಿ.

ಭಾಗ 5: ಮೊದಲ ದಿನವೇ ಎಲ್ಲಾ ಗೊತ್ತಿರುತ್ತಾ?

ಇಲ್ಲಿ ಒಂದು ಎದುರುವಾದ ಇದೆ. ಕಾಮರ್ಸ್ ಓದೋ ನನ್ನ ಫ್ರೆಂಡ್ ಕೇಳಿದಳು: ‘ಲೇ, ಮಾರನೇ ದಿನಾನೇ ಪತ್ರ ಬರೀಬೇಕು, ಕಾರಣಾನೂ ಪೂರ್ತಿ ಹೇಳಬೇಕು ಅಂದ್ರೆ ಹೆಂಗೆ? ಅವರಿಗೇ ಗೊತ್ತಿರಲ್ಲ. ಗೊತ್ತಿಲ್ಲದೆ ಬರೆದ್ರೆ ನಾಳೆ ಕೇಸ್ ಹಾಕ್ತಾರೆ.’

ಅವಳ ಮಾತಲ್ಲಿ ನ್ಯಾಯ ಇದೆ. ಕಂಪನಿಯ ವಕೀಲರು ಪತ್ರ ತಿದ್ದೋದು ಇದಕ್ಕೇ. ‘ನಾವು ಕೆಡಿಸಿದೆವು’ ಅನ್ನೋದು ‘ವ್ಯತ್ಯಯ ಉಂಟಾಗಿತ್ತು’ ಆಗೋದು ಅವರ ಮೇಜಿನ ಮೇಲೆ. ನನ್ನ ಉತ್ತರ: ಹಾಗಾದ್ರೆ ಎರಡು ಪತ್ರ ಬರೀಲಿ. ಮೊದಲನೇದರಲ್ಲಿ ಗೊತ್ತಿರೋದನ್ನ ಹೇಳಿ, ‘ಇನ್ನುಳಿದದ್ದು ಇಂಥ ತಾರೀಕಿಗೆ ತಿಳಿಸ್ತೀವಿ’ ಅನ್ನಲಿ. ಆ ತಾರೀಕಿಗೆ ಎರಡನೇದು ಬರಲಿ.

ರೋಜರ್ಸ್ ಕೂಡ ಕೊನೆಗೆ ಎರಡನೇ ಪತ್ರ ಬರೀತು, ಜುಲೈ 24ಕ್ಕೆ. ಮೊಬೈಲ್ ಜಾಲವನ್ನೂ ಇಂಟರ್‌ನೆಟ್ ಜಾಲವನ್ನೂ ಬೇರೆ ಬೇರೆ ಮಾಡ್ತೀವಿ, ಒಂದು ಬಿದ್ರೆ ಇನ್ನೊಂದು ನಿಲ್ಲುತ್ತೆ ಅಂತ ಅದರಲ್ಲಿ ಹೇಳಿದ್ರು. ಈ ಮಾತಿಗೆ ಬೆಲೆ ಇದೆ, ಯಾಕಂದ್ರೆ ಮಾಡಿದ್ರೋ ಇಲ್ವೋ ಅಂತ ಆಮೇಲೆ ಕೇಳಬಹುದು. ‘ಸೇವೆಯ ಗುಣಮಟ್ಟ ಹೆಚ್ಚಿಸಲು ಬದ್ಧರಾಗಿದ್ದೇವೆ’ ಅನ್ನೋದನ್ನ ಯಾರು ಹೇಗೆ ಕೇಳೋದು?

ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. 2014ರ ಅಕ್ಟೋಬರ್ 6ಕ್ಕೆ ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾಡ್ತು. ಸೈಟು ತೆರೆಯದೆ, ಆರ್ಡರ್ ರದ್ದಾಗಿ ಜನ ಸಿಟ್ಟಾದ್ರು. ಅದು ದಿನಗಟ್ಟಲೆ ನಿಂತ ಸೇವೆ ಅಲ್ಲ, ಒಂದು ದಿನದ ಗೊಂದಲ. ಆದ್ರೂ ಮಾರನೇ ದಿನ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಇಬ್ಬರ ಹೆಸರಲ್ಲೂ ಬಂದ ಪತ್ರ ಓದೋ ಹಾಗಿತ್ತು. ಬೆಲೆ ಬದಲಾದದ್ದು, ಸ್ಟಾಕ್ ಮುಗಿದದ್ದು, ಆರ್ಡರ್ ರದ್ದಾದದ್ದು, ಸೈಟ್ ಕೈಕೊಟ್ಟದ್ದು ಅಂತ ಜನರ ನಾಲ್ಕು ದೂರುಗಳನ್ನ ಬೇರೆ ಬೇರೆ ತಲೆಬರಹದಲ್ಲಿ ಎತ್ತಿಕೊಂಡು ಉತ್ತರ ಕೊಟ್ಟಿದ್ರು. 20 ಪಟ್ಟು ಹೆಚ್ಚು ಜನ ಬಂದ್ರೂ ತಡೆಯೋ ಹಾಗೆ ತಯಾರಿ ಮಾಡಿದ್ವಿ, ಅದೂ ಸಾಲಲಿಲ್ಲ ಅಂತ ಸಂಖ್ಯೆ ಹಾಕಿ ಹೇಳಿದ್ರು. ಆ ಪತ್ರದಲ್ಲಿ ತಪ್ಪಿಗೆ ಒಬ್ಬ ಯಜಮಾನ ಇದ್ದ. ಅಷ್ಟಾದ್ರೂ ನಾವು ಕೇಳಬಹುದು.

ಭಾಗ 6: ವಿಷಾದ ಬೇರೆ, ಕ್ಷಮೆ ಬೇರೆ

ನಮ್ಮ ಕನ್ನಡದ ವಿಷಯಕ್ಕೆ ಬರ್ತೀನಿ. ‘ವಿಷಾದ’ ಅಂದ್ರೆ ಬೇಜಾರು. ಪಕ್ಕದ ಮನೆಯವರ ಎಮ್ಮೆ ಸತ್ತರೂ ನನಗೆ ವಿಷಾದ ಆಗಬಹುದು. ಅದಕ್ಕೆ ನಾನು ಎಮ್ಮೆ ಸಾಯಿಸಿರಬೇಕಿಲ್ಲ. ‘ಕ್ಷಮೆ’ ಹಾಗಲ್ಲ. ಅದನ್ನ ಕೇಳಬೇಕು, ಎದುರಿನವರು ಕೊಡಬೇಕು. ಕೇಳ್ತಿದ್ದ ಹಾಗೇ ತಪ್ಪು ನನ್ನದು ಅಂತ ಆಗಿಬಿಡುತ್ತೆ. ಹಾಗಾಗಿ ಪತ್ರ ಬರೆಯೋರಿಗೆ ವಿಷಾದ ಸುಲಭ.

ನೀವು ಹೇಳಬಹುದು, ನಮ್ಮನೇಲೂ ‘ತಪ್ಪಾಯ್ತು’ ಅಂತಾನೇ ಅನ್ನೋದು, ‘ತಪ್ಪು ಮಾಡಿದೆ’ ಅಂತ ಎಲ್ಲಿ ಅಂತೀವಿ? ನಿಜ. ಆದ್ರೆ ಮನೇಲಿ ತಪ್ಪಾಯ್ತು ಅನ್ನೋನು ಎದುರಿಗೆ ತಲೆ ತಗ್ಗಿಸಿ ನಿಂತಿರ್ತಾನೆ. ಯಾರ ತಪ್ಪು ಅಂತ ಬಾಯಲ್ಲಿ ಹೇಳಬೇಕಾಗಿಲ್ಲ. ಪಿಡಿಎಫ್‌ಗೆ ತಲೆ ಇಲ್ಲ. ಅಲ್ಲಿ ‘ನಾವು’ ಅಂತ ಬರೀಲೇಬೇಕು.

ಇನ್ನು ‘ಉಂಟಾಗಿರಬಹುದಾದ ಅನಾನುಕೂಲ’. ಇರಬಹುದಾದ! ಆ ಹುಡುಗಿಯ ಅಪ್ಪನ ಒಂದು ದಿನದ ಕೂಲಿ ಹೋಗಿರಬಹುದಾದದ್ದಲ್ಲ, ಹೋಗಿದ್ದು. ‘ನಿಮ್ಮ ಸಹನೆಗೆ ಧನ್ಯವಾದ’ ಅನ್ನೋದಂತೂ ನನಗೆ ಅರ್ಥ ಆಗಲ್ಲ. ನಾವು ಸಹಿಸಿಕೊಂಡಿದ್ದು ಬೇರೆ ದಾರಿ ಇಲ್ಲದೆ.

ಭಾಗ 7: ದುಡ್ಡಿನ ಲೆಕ್ಕ

ಚಿಕ್ಕಪ್ಪನ ಪ್ಲಾನು ತಿಂಗಳಿಗೆ 600 ರೂಪಾಯಿ, ಅಂದ್ರೆ ದಿನಕ್ಕೆ 20. ಸೋಮವಾರದಿಂದ ಶನಿವಾರ ಆರು ದಿನ ಅಂತ ಹಿಡಿದ್ರೂ 120 ರೂಪಾಯಿ. ಕೊಡದ ಸೇವೆಗೆ ತಗೊಂಡ ದುಡ್ಡು ಅದು. ಪತ್ರದಲ್ಲಿ ಬಂದದ್ದು ಅಪ್‌ಗ್ರೇಡ್ ಮೇಲೆ ಶೇ. 10 ರಿಯಾಯಿತಿ. ಅದನ್ನ ಪಡೆಯಬೇಕಾದ್ರೆ ಮೊದಲು ಇನ್ನೂ ದುಬಾರಿ ಪ್ಲಾನು ಕೊಳ್ಳಬೇಕು. ಇದು ಪರಿಹಾರ ಅಲ್ಲ, ಜಾಹೀರಾತು.

ರೋಜರ್ಸ್ ಮೊದಲು 2 ದಿನದ ದುಡ್ಡು ಕೊಡ್ತೀವಿ ಅಂತು. ಜನ ಒಪ್ಪಲಿಲ್ಲ. ಕೆಲವೇ ದಿನದಲ್ಲಿ ಅದು 5 ದಿನ ಆಯ್ತು. 26 ಗಂಟೆಗೆ 5 ದಿನ. ಅದೇ ಅಳತೆ ಚಿಕ್ಕಪ್ಪನ 126 ಗಂಟೆಗೆ ಹಾಕಿದ್ರೆ ಸುಮಾರು 24 ದಿನದ ಬಾಡಿಗೆ, 480 ರೂಪಾಯಿ. ಅಷ್ಟು ಕೊಡ್ತಾರೆ ಅಂತ ನಾನು ಹೇಳ್ತಿಲ್ಲ. ಆದ್ರೆ 120 ರೂಪಾಯಿ ಕೇಳೋದು ದುರಾಸೆ ಅಲ್ಲ ಅಂತ ಗೊತ್ತಾಗಲಿ.

ನಮ್ಮಲ್ಲೂ ನಿಯಮ ಇದೆ. ಟ್ರಾಯ್ 2024ರ ಆಗಸ್ಟ್‌ನಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮ ತಂತು. ಜಿಲ್ಲಾ ಮಟ್ಟದಲ್ಲಿ ಜಾಲ 24 ಗಂಟೆಗೂ ಹೆಚ್ಚು ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಮುಂದಿನ ಬಿಲ್ಲಲ್ಲಿ ಅಷ್ಟು ದಿನದ ಬಾಡಿಗೆ ಕಡಿಮೆ ಮಾಡಬೇಕು, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ಮುಂದಕ್ಕೆ ಹಾಕಬೇಕು. ಒಂದು ದಿನದಲ್ಲಿ 12 ಗಂಟೆ ಮೀರಿದ್ರೆ ಪೂರ್ತಿ ದಿನ ಅಂತಲೇ ಲೆಕ್ಕ. ಪ್ರಕೃತಿ ವಿಕೋಪ ಆದ್ರೆ ಇದು ಅನ್ವಯಿಸಲ್ಲ.

ಇದರ ಮಿತಿಯೂ ತಿಳ್ಕೊಳ್ಳಿ. ಲೆಕ್ಕ ಜಿಲ್ಲೆಯದ್ದು. ಹಾಸನ, ಅರಸೀಕೆರೆ, ಬೇಲೂರಲ್ಲಿ ನೆಟ್ ಓಡ್ತಾ ಇದ್ದು ಹಳೇಬೀಡಿನ ಎರಡು ಬೀದಿ ಮಾತ್ರ ಕತ್ತಲಾದ್ರೆ ಈ ನಿಯಮ ಕೈಗೆ ಸಿಗಲ್ಲ. ಅದಕ್ಕೇ ಪತ್ರದ ‘ಕೆಲವು ಗ್ರಾಹಕರಿಗೆ’ ಅನ್ನೋ ಪದ ಸುಮ್ಮನೆ ಬಂದದ್ದಲ್ಲ ಅಂತ ನನ್ನ ಅನುಮಾನ. ಎಷ್ಟು ಜನ, ಯಾವ ಊರು, ಎಷ್ಟು ಗಂಟೆ ಅಂತ ಬರೆದ್ರೆ ಅದು ದಾಖಲೆ ಆಗುತ್ತೆ. ದಾಖಲೆ ಆದ್ರೆ ಜನ ಅದನ್ನ ಹಿಡ್ಕೊಂಡು ಬರ್ತಾರೆ.

ಹಾಗಾಗಿ ನಮ್ಮ ಕಡೆಯ ದಾಖಲೆ ನಾವೇ ಇಟ್ಕೋಬೇಕು. ನೆಟ್ ಹೋದ ದಿನವೇ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಕೊಳ್ಳಿ. ಅದು ಇಲ್ಲದಿದ್ರೆ ನಿಮ್ಮ ಆರು ದಿನ ಅವರ ಕಂಪ್ಯೂಟರ್‌ನಲ್ಲಿ ನಡೆದೇ ಇಲ್ಲ. ಅಲ್ಲಿ ಉತ್ತರ ಸಿಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೀಬಹುದು. ಚಿಕ್ಕಪ್ಪ ಲೈನ್ ಹುಡುಗನಿಗೆ ಹನ್ನೊಂದು ಸಲ ಫೋನ್ ಮಾಡಿದ್ರು, ಕಸ್ಟಮರ್ ಕೇರ್‌ಗೆ ಒಂದು ಸಲವೂ ಮಾಡಲಿಲ್ಲ. ಪರಿಚಯದವನಿಗೆ ಹೇಳೋದು ನಮ್ಮೂರಿನ ರೀತಿ. ದಾಖಲೆ ಆಗದೇ ಇರೋದೂ ಅದರಿಂದಲೇ.

ಭಾಗ 8: ನಾನು ಬರೆದ ಪತ್ರ

ಬೈಯೋದು ಸುಲಭ, ಬರೆದು ತೋರಿಸು ಅಂತೀರಿ. ಟೀ ಅಂಗಡಿಯಲ್ಲಿ ಸಿಕ್ಕ ಸತ್ಯ ಇಟ್ಕೊಂಡು ಆ ಕಂಪನಿ ಬರೀಬೇಕಿದ್ದ ಪತ್ರ ಬರೆದಿದ್ದೀನಿ:

‘ಹಳೇಬೀಡಿನ ನಮ್ಮ ಗ್ರಾಹಕರಿಗೆ, ಸೋಮವಾರ ಬೆಳಗ್ಗೆ 11.30ರಿಂದ ಶನಿವಾರ ಸಂಜೆ 6ರವರೆಗೆ ನಿಮಗೆ ಇಂಟರ್‌ನೆಟ್ ಇರಲಿಲ್ಲ. ರಸ್ತೆ ಕೆಲಸದಲ್ಲಿ ನಮ್ಮ ಕೇಬಲ್ ಕಡಿಯಿತು. ಕಡಿದ ಜಾಗ ಅದೇ ರಾತ್ರಿ ನಮಗೆ ಗೊತ್ತಾಯಿತು. ಆದರೂ ಐದು ದಿನ ತಡವಾಯಿತು. ಏಕೆಂದರೆ ನಮ್ಮ ಬಳಿ ಬೆಸೆಯುವ ಯಂತ್ರ ಒಂದೇ ಇದೆ, ಮತ್ತು ಕೆಲಸಗಾರರಿಗೆ ಕೊಡಬೇಕಾದ ಹಣವನ್ನು ನಾವು ಸಮಯಕ್ಕೆ ಕೊಟ್ಟಿರಲಿಲ್ಲ. ಇದು ನಮ್ಮ ತಪ್ಪು, ಕ್ಷಮಿಸಿ. ಆರು ದಿನದ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ನಾವೇ ಕಳೆಯುತ್ತೇವೆ, ನೀವು ಅರ್ಜಿ ಹಾಕಬೇಕಿಲ್ಲ. ಎರಡನೇ ಯಂತ್ರವನ್ನು ಈ ತಿಂಗಳ ಕೊನೆಯೊಳಗೆ ಬೇಲೂರಿನಲ್ಲಿ ಇಡುತ್ತೇವೆ. ಇಟ್ಟ ದಿನ ನಿಮಗೆ ತಿಳಿಸುತ್ತೇವೆ. ನಿಮಗಾದ ನಷ್ಟ 120 ರೂಪಾಯಿಗಿಂತ ಹೆಚ್ಚು ಎಂದು ನಮಗೆ ಗೊತ್ತಿದೆ.’

ಇಷ್ಟೇ. ‘ತಾಂತ್ರಿಕ ಕಾರಣ’ ಇಲ್ಲ, ‘ಹಗಲಿರುಳು’ ಇಲ್ಲ. ಎಂಟು ಹತ್ತು ಸಾಲಲ್ಲಿ ಮುಗೀತು.

ಇದನ್ನ ಪ್ರಿಂಟ್ ತೆಗೆದು ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದ್ರು. ‘ಹಿಂಗ್ ಬರೆದಿದ್ರೆ ನಾನು 120 ರೂಪಾಯಿನೂ ಕೇಳ್ತಿರ್ಲಿಲ್ಲ ಕಣವ್ವ’ ಅಂದ್ರು. ಒಂದು ನಿಮಿಷ ಬಿಟ್ಟು, ‘ಈಗ ಕೇಳ್ತೀನಿ. ಆ ನಂಬರ್ ಎಂಥದು ಅಂದೆ, ಡಾಕೆಟ್ಟಾ? ಈಗ್ಲೂ ಕೊಡ್ತಾರಾ?’ ಅಂತ ಫೋನ್ ಎತ್ಕೊಂಡ್ರು.

ನಿಮ್ಮ ಫೋನಲ್ಲೂ ಇಂಥ ಪತ್ರ ಬಿದ್ದಿದ್ರೆ ತೆಗೆದು ಮತ್ತೆ ಓದಿ. ಯಾಕೆ ಬಿತ್ತು ಅನ್ನೋದು ಇರುತ್ತೆ. ಯಾಕೆ ಏಳಲಿಲ್ಲ ಅನ್ನೋ ಸಾಲು ಇದೆಯಾ ನೋಡಿ. ಇದ್ರೆ ನನಗೂ ಕಳಿಸಿ, ಇಲ್ಲಿ ಹಾಕ್ತೀನಿ. ಅಂಥದ್ದು ಒಂದಾದ್ರೂ ನೋಡಬೇಕು ಅಂತ ಆಸೆ.

#ಹಳೇಬೀಡು #ಬೇಲೂರು #ಅರಸೀಕೆರೆ #ಕನ್ನಡಬರಹ